ಪ್ರೀಮಿಯಂ ಚಿಕ್ಕದು, ಜಾಮೀನು ದೊಡ್ಡದು

2025ರ ಏಪ್ರಿಲ್ 4, ಶುಕ್ರವಾರ. ನಿಫ್ಟಿ 22,904ರಲ್ಲಿ ಮುಗಿದಿತ್ತು. ಸೋಮವಾರ, ಏಪ್ರಿಲ್ 7ರಂದು ಬೆಳಿಗ್ಗೆ 9.15ಕ್ಕೆ ಮಾರುಕಟ್ಟೆ ತೆರೆದಾಗ ಅದೇ ನಿಫ್ಟಿ ನಿಂತಿದ್ದದ್ದು 21,758ರಲ್ಲಿ. ನಡುವಿನ 1,146 ಅಂಶಗಳಲ್ಲಿ ಒಂದು ವ್ಯವಹಾರವೂ ನಡೆದಿರಲಿಲ್ಲ. 22,700ರಲ್ಲಿ ಹೊರಬರುತ್ತೇನೆ, 22,500ರಲ್ಲಿ ಹೊರಬರುತ್ತೇನೆ ಎಂದುಕೊಂಡಿದ್ದವರಿಗೆ ಆ ಬೆಲೆಗಳು ಬರಲೇ ಇಲ್ಲ. ಶನಿವಾರ, ಭಾನುವಾರ ಕಳೆಯುವಷ್ಟರಲ್ಲಿ ಮೆಟ್ಟಿಲುಗಳೇ ಮಾಯವಾಗಿದ್ದವು.

ಆ ದಿನ ಹೆಚ್ಚು ಪೆಟ್ಟು ತಿಂದವರಲ್ಲಿ ಆಪ್ಷನ್ ಮಾರಿದವರೂ ಇದ್ದರು. ಆಪ್ಷನ್ ಕೊಂಡವನ ನಷ್ಟಕ್ಕೆ ಮಿತಿ ಇದೆ, ಕೊಟ್ಟ ಪ್ರೀಮಿಯಂ ಹೋದರೆ ಮುಗಿಯಿತು. ಮಾರಿದವನದು ಜಾಮೀನು ನಿಂತವನ ಸ್ಥಿತಿ. ಯಾರದೋ ಸಾಲಕ್ಕೆ ಸಣ್ಣ ಮೊತ್ತ ಪಡೆದು ಸಹಿ ಹಾಕುತ್ತಾನೆ. ಹತ್ತರಲ್ಲಿ ಎಂಟು ಬಾರಿ ಏನೂ ಆಗುವುದಿಲ್ಲ, ಮೊತ್ತ ಜೇಬಿಗೆ ಸೇರುತ್ತದೆ. ಸಾಲಗಾರ ಕೈಯೆತ್ತಿದ ದಿನ ಮಾತ್ರ ಪೂರ್ತಿ ಸಾಲ ಇವನ ತಲೆಗೆ ಬರುತ್ತದೆ. ಜಾಮೀನು ಹಾಕುವ ಮುಂಚೆ ನಾಲ್ಕು ಸಂಗತಿ ವಿಚಾರಿಸುವುದು ಹಳ್ಳಿಯಲ್ಲೂ ಇರುವ ರೂಢಿ. ಆಪ್ಷನ್ ಮಾರುವವನಿಗೂ ಆ ನಾಲ್ಕು ವಿಚಾರಣೆಗಳಿವೆ: ಮುಂದೆ ಯಾವ ಘಟನೆಗಳಿವೆ, ಮಾರ್ಜಿನ್ ಎಷ್ಟು ಬೇಕಾದೀತು, ಬೇಕೆಂದಾಗ ಎದುರಿಗೆ ಗಿರಾಕಿ ಇರುತ್ತಾನೆಯೇ, ಎಲ್ಲಿ ಹೊರಬರಬೇಕು. ಇವನ್ನು ಆ ಏಪ್ರಿಲ್‌ನ ಒಂದು ವ್ಯವಹಾರದ ಮೇಲೆಯೇ ಇಟ್ಟು ನೋಡೋಣ.

ಒಂದು ವ್ಯವಹಾರ

ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಒಬ್ಬರು ಎಂದಿಟ್ಟುಕೊಳ್ಳಿ. ಟ್ರೇಡಿಂಗ್ ಖಾತೆಯಲ್ಲಿ 10 ಲಕ್ಷ ರೂಪಾಯಿ ಇದೆ. ಶುಕ್ರವಾರ ಮಧ್ಯಾಹ್ನ ಅವರು ಮುಂದಿನ ವಾರದ ಎಕ್ಸ್‌ಪೈರಿಯ ನಿಫ್ಟಿ 22,400 ಪುಟ್ ಮಾರುತ್ತಾರೆ, ಜೊತೆಗೆ 23,400 ಕಾಲ್ ಮಾರುತ್ತಾರೆ. ನಿಫ್ಟಿ ಈ ಎರಡು ಗೋಡೆಗಳ ನಡುವೆ ಉಳಿದರೆ ಎರಡೂ ಪ್ರೀಮಿಯಂ ಅವರದು. ಪೇಟೆಯಲ್ಲಿ ಇದನ್ನು ಸ್ಟ್ರ್ಯಾಂಗಲ್ ಎನ್ನುತ್ತಾರೆ. ಲೆಕ್ಕಕ್ಕೆಂದು ಪುಟ್‌ಗೆ 45 ರೂಪಾಯಿ, ಕಾಲ್‌ಗೆ 20 ರೂಪಾಯಿ ಸಿಕ್ಕಿತು ಎನ್ನೋಣ. ಇವು ಆ ದಿನದ ನಿಜವಾದ ಬೆಲೆಗಳಲ್ಲ. ಆಗ ನಿಫ್ಟಿಯ ಒಂದು ಲಾಟ್ ಎಂದರೆ 75. ಹಾಗಾಗಿ ಒಂದು ಲಾಟ್‌ಗೆ ಬಂದದ್ದು 65 ಗುಣಿಸು 75, ಅಂದರೆ 4,875 ರೂಪಾಯಿ. ಒಂದು ಲಾಟ್ ಸ್ಟ್ರ್ಯಾಂಗಲ್‌ಗೆ ಬ್ರೋಕರ್ ಸುಮಾರು 2.1 ಲಕ್ಷ ಮಾರ್ಜಿನ್ ಕೇಳಿದ ಎಂದಿಟ್ಟುಕೊಂಡರೆ, 10 ಲಕ್ಷದಲ್ಲಿ ನಾಲ್ಕು ಲಾಟ್ ಆರಾಮಾಗಿ ಕೂರುತ್ತದೆ. ಬಂದ ಪ್ರೀಮಿಯಂ 19,500 ರೂಪಾಯಿ. ಮೂರು ವಹಿವಾಟಿನ ದಿನಕ್ಕೆ ಬಂಡವಾಳದ ಶೇ 2ರ ಹತ್ತಿರ. ಅಂಗಡಿ ಇಟ್ಟವರಿಗೆ ಈ ಲೆಕ್ಕ ಸಿಹಿಯಾಗಿಯೇ ಕಾಣುತ್ತದೆ.

ಈಗ ಸೋಮವಾರದ 9.15. ನಿಫ್ಟಿ 21,758. ಇವರು 22,400ಕ್ಕೆ ಮಾರಿದ ಪುಟ್‌ನ ಒಳಮೌಲ್ಯವೇ 642 ರೂಪಾಯಿ. ಅದರಲ್ಲಿ 45 ಮೊದಲೇ ಬಂದಿದೆ, ಕಾಲ್‌ನ 20 ಪೂರ್ತಿ ಉಳಿಯಿತು ಎಂದುಕೊಂಡರೂ ನಿವ್ವಳ ನಷ್ಟ 577 ರೂಪಾಯಿ. ಲಾಟ್‌ಗೆ 43,275, ನಾಲ್ಕು ಲಾಟ್‌ಗೆ 1,73,100. ಇದು ಕನಿಷ್ಠ ಲೆಕ್ಕ, ಭಯ ಏರಿದ ದಿನ ಪ್ರೀಮಿಯಂ ಒಳಮೌಲ್ಯಕ್ಕಿಂತ ಮೇಲೇ ಇರುತ್ತದೆ. 19,500 ಗಳಿಸಲು ಹೋಗಿ 1.73 ಲಕ್ಷ ಕಳೆದಂತಾಯಿತು.

ಇದು ದುರದೃಷ್ಟ ಎನ್ನಬಹುದು. ಆದರೆ ಶುಕ್ರವಾರವೇ ಕಾಣುತ್ತಿದ್ದ ಸಂಗತಿಗಳು ಎಷ್ಟು ಎಂಬುದನ್ನು ನೋಡಿ.

ಮೊದಲು ಪಂಚಾಂಗ

ಮದುವೆಗೆ ಮುಹೂರ್ತ ನೋಡುವವರು ಆಪ್ಷನ್ ಮಾರುವಾಗ ಕ್ಯಾಲೆಂಡರ್ ನೋಡುವುದಿಲ್ಲ. ಅಂದು ಮಾರಿದ ಆಪ್ಷನ್ ಎಕ್ಸ್‌ಪೈರಿಯವರೆಗೆ ಎಂಥ ದಿನಗಳನ್ನು ದಾಟಬೇಕಿತ್ತು?

ಆಗ ನಿಫ್ಟಿಯ ವಾರದ ಎಕ್ಸ್‌ಪೈರಿ ಗುರುವಾರ ಬರುತ್ತಿತ್ತು. ಏಪ್ರಿಲ್ 10ರ ಗುರುವಾರ ಮಹಾವೀರ ಜಯಂತಿಯ ರಜೆ. ಹಾಗಾಗಿ ಎಕ್ಸ್‌ಪೈರಿ ಬುಧವಾರ, 9ಕ್ಕೆ ಬಂತು. ಅದೇ ಬುಧವಾರ ಬೆಳಿಗ್ಗೆ ರಿಸರ್ವ್ ಬ್ಯಾಂಕ್‌ನ ಬಡ್ಡಿ ದರದ ಘೋಷಣೆ. ಅಮೆರಿಕ ಏಪ್ರಿಲ್ 2ರಂದು ಪ್ರಕಟಿಸಿದ ದೇಶವಾರು ಹೊಸ ಸುಂಕಗಳು ಜಾರಿಗೆ ಬರಬೇಕಿದ್ದದ್ದೂ 9ಕ್ಕೇ. ನಡುವೆ ಶನಿವಾರ, ಭಾನುವಾರ. ಈ ನಾಲ್ಕೂ ಸಂಗತಿ ಶುಕ್ರವಾರ ಎಲ್ಲರಿಗೂ ತಿಳಿದಿದ್ದವು. ತಿಳಿದಿಲ್ಲದ್ದು ಒಂದೇ: ಶುಕ್ರವಾರ ನಮ್ಮ ಮಾರುಕಟ್ಟೆ ಮುಚ್ಚಿದ ಮೇಲೆ ಚೀನಾ ಮರುಸುಂಕ ಘೋಷಿಸಿತು, ಅಂದು ರಾತ್ರಿ ಅಮೆರಿಕದ ಎಸ್ ಆಂಡ್ ಪಿ 500 ಸೂಚ್ಯಂಕ ಶೇ 6ರ ಹತ್ತಿರ ಕುಸಿಯಿತು. ಸುಂಕದ ಜಗಳಕ್ಕೆ ಉತ್ತರ ಬಂದೀತು ಎಂಬುದನ್ನು ಊಹಿಸಬಹುದಿತ್ತು, ಅದು ಯಾವ ಗಂಟೆಗೆ ಬಂದೀತು ಎಂಬುದನ್ನಲ್ಲ. ಅದಕ್ಕೇ ಪಂಚಾಂಗ ನೋಡುವಾಗ ಕೇಳಬೇಕಾದ ಪ್ರಶ್ನೆ ಎರಡು. ಘಟನೆ ಯಾವ ದಿನ? ಅದು ನಡೆಯುವಾಗ ನಮ್ಮ ಮಾರುಕಟ್ಟೆ ತೆರೆದಿರುತ್ತದೆಯೇ?

ಎರಡನೇ ಪ್ರಶ್ನೆಯ ತೂಕ ನಮ್ಮ ಬೆಂಗಳೂರಿನ ಕಂಪನಿಯೇ ಒಮ್ಮೆ ತೋರಿಸಿದೆ. 2023ರ ಏಪ್ರಿಲ್ 13ರ ಗುರುವಾರ ವಹಿವಾಟು ಮುಗಿದ ಮೇಲೆ ಇನ್ಫೋಸಿಸ್ ತ್ರೈಮಾಸಿಕ ಫಲಿತಾಂಶ ಕೊಟ್ಟಿತು. ಶುಕ್ರವಾರ ಅಂಬೇಡ್ಕರ್ ಜಯಂತಿಯ ರಜೆ, ಆಮೇಲೆ ವಾರಾಂತ್ಯ. ಫಲಿತಾಂಶ ಇಷ್ಟವಾಗದವರು ಮೂರು ದಿನ ಕಾದು, 17ರ ಸೋಮವಾರ ಒಟ್ಟಿಗೆ ಮಾರಲು ನಿಂತರು. ಷೇರು ಅಂದು ಶೇ 9ಕ್ಕೂ ಹೆಚ್ಚು ಇಳಿದು ಮುಗಿಯಿತು. ಷೇರಿನ ಆಪ್ಷನ್ ಮಾರುವವರು ಆ ಕಂಪನಿಯ ಆಡಳಿತ ಮಂಡಳಿ ಸಭೆಯ ದಿನಾಂಕವನ್ನು ಎಕ್ಸ್‌ಚೇಂಜ್‌ನ ಜಾಲತಾಣದಲ್ಲಿ ನೋಡಿಯೇ ಮುಂದುವರಿಯಬೇಕು.

ಘಟನೆಯ ಹಿಂದಿನ ದಿನ ಪ್ರೀಮಿಯಂ ಉಬ್ಬಿರುತ್ತದೆ, ಘಟನೆ ಕಳೆದ ತಕ್ಷಣ ಇಳಿಯುತ್ತದೆ, ಆದ್ದರಿಂದ ಆಗಲೇ ಮಾರಬೇಕು ಎಂಬ ವಾದವೂ ಇದೆ. ಅದು ಸುಳ್ಳಲ್ಲ. ಆದರೆ ಉಬ್ಬಿದ ಪ್ರೀಮಿಯಂ ಪುಕ್ಕಟೆ ಬಂದದ್ದಲ್ಲ. ಜಾಮೀನಿಗೆ ಹೆಚ್ಚು ಹಣ ಕೊಡುವವನು ಹೆಚ್ಚು ಅನುಮಾನದ ಸಾಲಗಾರ, ಅಷ್ಟೆ.

ಮಾರ್ಜಿನ್: ಇಂದಿನದಲ್ಲ, ಕೆಟ್ಟ ದಿನದ್ದು

ಆರ್ಡರ್ ಹಾಕುವಾಗ ಪರದೆಯ ಮೇಲೆ ಕಾಣುವ ಮಾರ್ಜಿನ್ ಆ ಕ್ಷಣದ್ದು. ಅದರಲ್ಲಿ ಎರಡು ಭಾಗ. ಒಂದು ಸ್ಪ್ಯಾನ್: ಬೆಲೆ ಇಷ್ಟು ಏರಿದರೆ, ಇಷ್ಟು ಇಳಿದರೆ, ಏರಿಳಿತದ ಭಯ ಹೆಚ್ಚಾದರೆ ಎಂದು ಹದಿನಾರು ಸನ್ನಿವೇಶಗಳನ್ನು ಕಲ್ಪಿಸಿಕೊಂಡು, ಅವುಗಳಲ್ಲಿ ಅತಿ ಕೆಟ್ಟದ್ದರ ನಷ್ಟವನ್ನು ಎಕ್ಸ್‌ಚೇಂಜ್ ಮೊದಲೇ ಇರಿಸಿಕೊಳ್ಳುತ್ತದೆ. ಇನ್ನೊಂದು ಎಕ್ಸ್‌ಪೋಷರ್: ಸೂಚ್ಯಂಕಕ್ಕೆ ಕರಾರಿನ ಮೌಲ್ಯದ ಶೇ 2. ಸ್ಪ್ಯಾನ್ ಲೆಕ್ಕ ದಿನದಲ್ಲಿ ಹಲವು ಬಾರಿ ಹೊಸದಾಗುತ್ತದೆ. ಮಾರಿದ ಆಪ್ಷನ್‌ನ ಬೆಲೆ ಏರಿದಷ್ಟೂ, ಅದನ್ನು ವಾಪಸ್ ಕೊಳ್ಳಲು ಬೇಕಾದ ಹಣವೂ ಮಾರ್ಜಿನ್‌ಗೆ ಸೇರುತ್ತದೆ.

ನಮ್ಮ ಅಂಗಡಿಯವರ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಿ. ನಾಲ್ಕು ಲಾಟ್‌ಗೆ 8.4 ಲಕ್ಷ ಹೋಗಿದೆ. ಉಳಿದದ್ದು 1.6 ಲಕ್ಷ ಮತ್ತು ಬಂದ ಪ್ರೀಮಿಯಂ, ಒಟ್ಟು ಸುಮಾರು 1.8 ಲಕ್ಷ. ಸೋಮವಾರ ಬೆಳಿಗ್ಗೆ ಪ್ರೀಮಿಯಂ ಏರಿಕೆಯೊಂದೇ 1.73 ಲಕ್ಷ ನುಂಗಿತು. ಸ್ಪ್ಯಾನ್ ಲಾಟ್‌ಗೆ ಎರಡು ಸಾವಿರ ಹೆಚ್ಚಾದರೂ ಸಾಕು, ಖಾತೆ ಕೊರತೆಗೆ ಬೀಳುತ್ತದೆ. ಆಗ ನಿರ್ಧಾರ ಅವರ ಕೈಯಲ್ಲಿ ಉಳಿಯುವುದಿಲ್ಲ. ಹಣ ಹಾಕಿ, ಇಲ್ಲವೇ ನಾವು ಮುಚ್ಚುತ್ತೇವೆ ಎಂದು ಬ್ರೋಕರ್‌ನ ಸಂದೇಶ ಬರುತ್ತದೆ, ಎಷ್ಟೋ ಸಲ ಸಂದೇಶಕ್ಕೆ ಮೊದಲೇ ಪೊಸಿಷನ್ ಮುಚ್ಚಿರುತ್ತದೆ. ಮಾರ್ಜಿನ್ ಕೊರತೆಗೆ ದಂಡ ಬೇರೆ.

ಗ್ಯಾಪ್ ಬಾರದೆ ಇದ್ದಿದ್ದರೂ ಈ ವ್ಯವಹಾರ ಬುಧವಾರ ಎಡವುತ್ತಿತ್ತು. 2024ರ ನವೆಂಬರ್ 20ರಿಂದ ಸೆಬಿಯ ಹೊಸ ನಿಯಮ ಇದೆ: ಎಕ್ಸ್‌ಪೈರಿಯ ದಿನ ಸೂಚ್ಯಂಕದ ಮಾರಿದ ಆಪ್ಷನ್‌ಗೆ ಶೇ 2 ಹೆಚ್ಚುವರಿ ಮಾರ್ಜಿನ್. 22,904 ಗುಣಿಸು 75 ಎಂದರೆ ಸುಮಾರು 17.18 ಲಕ್ಷ. ಅದರ ಶೇ 2 ಸುಮಾರು 34,350. ನಾಲ್ಕು ಪುಟ್, ನಾಲ್ಕು ಕಾಲ್, ಒಟ್ಟು ಎಂಟಕ್ಕೆ 2.75 ಲಕ್ಷ. ಕೈಯಲ್ಲಿದ್ದದ್ದು 1.8 ಲಕ್ಷ. ನಿಫ್ಟಿ ಅಲ್ಲಾಡದೆ ಕೂತಿದ್ದರೂ ಬುಧವಾರಕ್ಕೆ ನಾಲ್ಕು ಲಾಟ್ ಉಳಿಸಿಕೊಳ್ಳುವುದು ಕಷ್ಟವಿತ್ತು. ಶುಕ್ರವಾರ ಎರಡು ನಿಮಿಷ ಕ್ಯಾಲ್ಕುಲೇಟರ್ ಹಿಡಿದಿದ್ದರೆ ಇದು ತಿಳಿಯುತ್ತಿತ್ತು.

ಇನ್ನೊಂದು ಎಚ್ಚರ ಅಡವಿಟ್ಟ ಷೇರುಗಳದು. ಮನೆಯಲ್ಲಿ ಸುಮ್ಮನೆ ಬಿದ್ದಿರುವ ಷೇರುಗಳನ್ನು ಅಡವಿಟ್ಟು ಮಾರ್ಜಿನ್ ಪಡೆಯಬಹುದು. ಆದರೆ ಅರ್ಧದಷ್ಟು ಮಾರ್ಜಿನ್ ನಗದು ಅಥವಾ ನಗದಿಗೆ ಸಮನಾದ ರೂಪದಲ್ಲೇ ಇರಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ, ಪುಟ್ ಮಾರಿದವನಿಗೆ ನಷ್ಟವಾಗುವ ದಿನವೇ ಅಡವಿಟ್ಟ ಷೇರುಗಳೂ ಇಳಿಯುತ್ತವೆ. ಜಾಮೀನಿನ ಮೇಲೆ ಜಾಮೀನು, ಎರಡೂ ಒಂದೇ ಮಳೆಗೆ ನೆನೆಯುವಂಥವು.

ಎದುರಿಗೆ ಗಿರಾಕಿ ಇದ್ದಾನೆಯೇ?

ಪರದೆಯಲ್ಲಿ ಕಾಣುವ ಕೊನೆಯ ಬೆಲೆ ಮುಗಿದುಹೋದ ವ್ಯವಹಾರದ್ದು. ನಿಮಗೆ ಸಿಗುವ ಬೆಲೆ ಮಾರ್ಕೆಟ್ ಡೆಪ್ತ್ ಎಂಬ ಕಿಟಕಿಯಲ್ಲಿದೆ: ಎಡಕ್ಕೆ ಕೊಳ್ಳುವವರ ಐದು ಬೆಲೆ, ಬಲಕ್ಕೆ ಮಾರುವವರ ಐದು ಬೆಲೆ. ನಿಫ್ಟಿಯ ಹತ್ತಿರದ ಸ್ಟ್ರೈಕ್‌ನಲ್ಲಿ ಕೊಳ್ಳುವವರು 44.95, ಮಾರುವವರು 45.10 ಎಂದಿದ್ದರೆ ನಡುವಿನ ಅಂತರ 15 ಪೈಸೆ, ಲಾಟ್‌ಗೆ ಹನ್ನೊಂದು ರೂಪಾಯಿ ಚಿಲ್ಲರೆ. ಇದನ್ನು ಮರೆಯಬಹುದು.

ಈಗ ಯಾವುದೋ ಮಧ್ಯಮ ಗಾತ್ರದ ಕಂಪನಿಯ ಷೇರು ಆಪ್ಷನ್ ತೆರೆಯಿರಿ. ಲಾಟ್ 500. ಕೊಳ್ಳುವವರು 8.20, ಮಾರುವವರು 11. ನೀವು 8.20ಕ್ಕೆ ಮಾರಿ, ಮರುಕ್ಷಣವೇ ಮನಸ್ಸು ಬದಲಿಸಿ ವಾಪಸ್ ಕೊಳ್ಳಲು ಹೋದರೆ 11 ಕೊಡಬೇಕು. ಬಂದ ಪ್ರೀಮಿಯಂ 4,100, ಒಳಗೆ ಹೋಗಿ ಹೊರಬಂದದ್ದಕ್ಕೇ ಖರ್ಚು 1,400. ಮೂರನೇ ಒಂದು ಪಾಲು ಬಾಗಿಲಲ್ಲೇ ಹೋಯಿತು. ಇಂಥ ಕಡೆ ಷೇರು ನಿಮ್ಮ ವಿರುದ್ಧ ಚಲಿಸಿದ ದಿನ ಬಲಗಡೆಯ 11 ಕೂಡ ಉಳಿಯುವುದಿಲ್ಲ, ಆ ಸಾಲು ಖಾಲಿಯಾಗಿ ಮುಂದಿನ ಬೆಲೆ ಇಪ್ಪತ್ತಕ್ಕೆ ನಿಂತಿರಬಹುದು. ಮಾರುವ ಮುಂಚೆ ನಿಮ್ಮ ಪೂರ್ತಿ ಲಾಟ್‌ಗಳನ್ನು ವಾಪಸ್ ಕೊಳ್ಳಲು ಬಲಗಡೆಯ ಐದು ಸಾಲಿನಲ್ಲಿ ಸಾಕಷ್ಟು ಸಂಖ್ಯೆ ಇದೆಯೇ ಎಂದು ಎಣಿಸಿ. ಅಂತರ ಪ್ರೀಮಿಯಂನ ಹತ್ತನೇ ಒಂದಕ್ಕಿಂತ ಹೆಚ್ಚಿದ್ದರೆ ಆ ಸ್ಟ್ರೈಕ್ ಬಿಡಿ.

ಷೇರು ಆಪ್ಷನ್‌ನಲ್ಲಿ ಹೊರಬರಲಾಗದೆ ಉಳಿದರೆ ಇನ್ನೊಂದು ಹೊರೆ ಇದೆ. ನಿಫ್ಟಿಯ ಲೆಕ್ಕ ಹಣದಲ್ಲಿ ಚುಕ್ತಾ ಆಗುತ್ತದೆ. ಷೇರಿನದು ಹಾಗಲ್ಲ. 2019ರ ಅಕ್ಟೋಬರ್‌ನಿಂದ ಎಲ್ಲ ಷೇರು ಆಪ್ಷನ್‌ಗಳಿಗೂ ಷೇರನ್ನೇ ಕೊಟ್ಟು ತೆಗೆದುಕೊಳ್ಳುವ ಪದ್ಧತಿ ಬಂದಿದೆ. ಮಾರಿದ ಪುಟ್ ಒಳಗೆ ಸಿಕ್ಕಿಕೊಂಡು ಮುಗಿದರೆ ಪೂರ್ತಿ ಲಾಟ್‌ನ ಹಣ ತೆತ್ತು ಷೇರು ಮನೆಗೆ ತರಬೇಕು.

ಹೊರಬರುವ ಬಾಗಿಲು

ಬಹಳ ಜನ ಸ್ಟಾಪ್‌ಲಾಸ್ ಒಂದನ್ನೇ ಬಾಗಿಲು ಎಂದು ನಂಬುತ್ತಾರೆ. 45ಕ್ಕೆ ಮಾರಿದ ಪುಟ್ 90 ಆದರೆ ಹೊರಬರುತ್ತೇನೆ ಎಂದು ಬರೆದಿಟ್ಟರೆ ಸಾಕೇ? ಮೊದಲನೆಯದಾಗಿ, ಶುಕ್ರವಾರ ಹಾಕಿದ ಸ್ಟಾಪ್‌ಲಾಸ್ ಆರ್ಡರ್ ಶುಕ್ರವಾರವೇ ರದ್ದಾಗುತ್ತದೆ, ಅದು ಆ ದಿನದ ಆರ್ಡರ್. ಎರಡನೆಯದಾಗಿ, 2021ರ ಸೆಪ್ಟೆಂಬರ್‌ನಿಂದ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಆಪ್ಷನ್‌ಗಳಲ್ಲಿ ‘ಸಿಕ್ಕ ಬೆಲೆಗೆ’ ಎಂಬ ಮಾದರಿಯ ಸ್ಟಾಪ್‌ಲಾಸ್ ನಿಲ್ಲಿಸಿದೆ. ಈಗ ಎರಡು ಬೆಲೆ ಕೊಡಬೇಕು: 90 ಮುಟ್ಟಿದರೆ ಎಚ್ಚೆತ್ತುಕೊ, ಆದರೆ 95ರ ಮೇಲೆ ಕೊಳ್ಳಬೇಡ. ಬೆಲೆ ನಿಧಾನವಾಗಿ ಏರಿದರೆ ಇದು ಕೆಲಸ ಮಾಡುತ್ತದೆ. 45ರಿಂದ ಸೀದಾ 650ಕ್ಕೆ ಹಾರಿದ ಬೆಳಿಗ್ಗೆ ಆರ್ಡರ್ ಎಚ್ಚೆತ್ತು 95ರಲ್ಲಿ ಕೈಕಟ್ಟಿ ನಿಂತಿರುತ್ತದೆ.

ಹಾಗಾಗಿ ರಾತ್ರಿ ಕಳೆಯುವ ಪೊಸಿಷನ್‌ಗೆ ಬಾಗಿಲು ಎಂದರೆ ಮೊದಲೇ ಕೊಂಡಿಟ್ಟ ಹೆಜ್. ಅಂಗಡಿಯವರು 22,400 ಪುಟ್ ಮಾರುವ ಮೊದಲು 22,000 ಪುಟ್ ಅನ್ನು 18ಕ್ಕೆ, 23,800 ಕಾಲ್ ಅನ್ನು 5ಕ್ಕೆ ಕೊಂಡಿದ್ದರೆ 65ರಲ್ಲಿ 23 ಹೋಗಿ 42 ಉಳಿಯುತ್ತಿತ್ತು, ಲಾಟ್‌ಗೆ 3,150. ಬದಲಿಗೆ ನಿಫ್ಟಿ ಎಲ್ಲಿಗೆ ಬಿದ್ದರೂ ನಷ್ಟ 400 ಕಳೆ 42, ಅಂದರೆ 358 ರೂಪಾಯಿಯಲ್ಲಿ, ಲಾಟ್‌ಗೆ 26,850ರಲ್ಲಿ ನಿಲ್ಲುತ್ತಿತ್ತು. ಮಾರ್ಜಿನ್ ಕೂಡ ಅರ್ಧಕ್ಕೂ ಕೆಳಗೆ ಇಳಿಯುವುದುಂಟು. ಕ್ರಮ ಮುಖ್ಯ: ಒಳಗೆ ಹೋಗುವಾಗ ಹೆಜ್ ಮೊದಲು ಕೊಳ್ಳಿ, ಆಮೇಲೆ ಮಾರಿ. ಹೊರಬರುವಾಗ ಮಾರಿದ್ದನ್ನು ಮೊದಲು ವಾಪಸ್ ಕೊಳ್ಳಿ, ಆಮೇಲೆ ಹೆಜ್ ಬಿಡಿ. ತಿರುಗುಮುರುಗಾದರೆ ನಡುವಿನ ಕ್ಷಣದಲ್ಲಿ ಪೂರ್ತಿ ಮಾರ್ಜಿನ್ ಬೇಡಿಕೆ ಎದುರಾಗುತ್ತದೆ.

ಇದರ ಜೊತೆ ಮೂರು ಗೆರೆ ಬರೆದಿಡಬೇಕು. ಲಾಭದ ಗೆರೆ: 42ರ ಬದಲು 12 ಮಾತ್ರ ಉಳಿದಾಗ ಮುಚ್ಚುವುದು, ಕೊನೆಯ ಚಿಲ್ಲರೆಗೆ ಪೂರ್ತಿ ಜಾಮೀನು ಮುಂದುವರಿಸುವುದು ಬೇಡ. ನಷ್ಟದ ಗೆರೆ: ನಿಫ್ಟಿ 22,550 ಮುಟ್ಟಿದರೆ ಮುಚ್ಚುವುದು. ಸಮಯದ ಗೆರೆ: ಮಂಗಳವಾರ ಮಧ್ಯಾಹ್ನ ಮೂರಕ್ಕೆ ಏನೇ ಇರಲಿ ಮುಚ್ಚುವುದು, ಬುಧವಾರದ ಹೆಚ್ಚುವರಿ ಮಾರ್ಜಿನ್‌ಗೂ ಬಡ್ಡಿ ಘೋಷಣೆಗೂ ಕಾಯದಿರುವುದು.

ಎಷ್ಟು ಲಾಟ್?

ನಾಲ್ಕೂ ವಿಚಾರಣೆ ಮುಗಿದ ಮೇಲಷ್ಟೇ ಈ ಪ್ರಶ್ನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಮಾರ್ಜಿನ್ ಅನ್ನೇ ಹಾಸಿಗೆ ಎಂದುಕೊಂಡದ್ದು ಅಂಗಡಿಯವರ ತಪ್ಪು. ಮಾರ್ಜಿನ್ ನಾಲ್ಕು ಲಾಟ್‌ಗೆ ಅವಕಾಶ ಕೊಟ್ಟಿತು, ಆದರೆ ಒಂದು ವ್ಯವಹಾರದಲ್ಲಿ 10 ಲಕ್ಷದ ಶೇ 3, ಅಂದರೆ 30,000 ರೂಪಾಯಿವರೆಗೆ ಕಳೆದುಕೊಳ್ಳಬಲ್ಲೆ ಎಂಬುದು ಅವರ ತೀರ್ಮಾನವಾಗಿದ್ದರೆ ಲೆಕ್ಕ ಬೇರೆಯೇ ಆಗುತ್ತದೆ. ವಾರಾಂತ್ಯ ದಾಟುವ ವ್ಯವಹಾರಕ್ಕೆ ಶೇ 5 ಗ್ಯಾಪ್ ಊಹಿಸಿದರೆ ಹೆಜ್ ಇಲ್ಲದ ಸ್ಟ್ರ್ಯಾಂಗಲ್‌ನ ನಷ್ಟ ಲಾಟ್‌ಗೆ 43,000ದ ಹತ್ತಿರ. ಅಂದರೆ ಸೊನ್ನೆ ಲಾಟ್. ಹೆಜ್ ಇದ್ದರೆ 26,850, ಒಂದು ಲಾಟ್. ಗಳಿಕೆ ಹೆಚ್ಚೆಂದರೆ 3,150. ಆ ವಾರದ ಪಂಚಾಂಗ ನೋಡಿದ ಮೇಲೆ ಈ 3,150ಕ್ಕೆ ಅಷ್ಟು ರಗಳೆ ಬೇಡ ಎನಿಸಿದರೆ, ಅದೂ ಪಟ್ಟಿ ಕೊಟ್ಟ ಸರಿಯಾದ ಉತ್ತರವೇ.

ಅಂದ ಹಾಗೆ, ಬುಧವಾರ ನಿಫ್ಟಿ ಮುಗಿದದ್ದು 22,399ರಲ್ಲಿ. 22,400 ಪುಟ್ ಹೆಚ್ಚುಕಡಿಮೆ ಬರಿಗೈಯಲ್ಲಿ ಮುಗಿಯಿತು. ಸೋಮವಾರ ಬೆಳಿಗ್ಗೆ 1.73 ಲಕ್ಷ ನಷ್ಟ ತೋರಿಸಿದ ಅದೇ ವ್ಯವಹಾರ ಮೂರನೇ ದಿನಕ್ಕೆ ಪ್ರೀಮಿಯಂ ಪೂರ್ತಿ ಕೊಡುವ ಹಂತಕ್ಕೆ ಬಂದಿತ್ತು. ಕಾದರೆ ಬರುತ್ತದೆ ಎಂಬುದು ಇದರ ನೀತಿಯಲ್ಲ, 21,758ರಿಂದ ಇನ್ನೂ ಕೆಳಗೆ ಹೋಗಿದ್ದರೆ ಕಾದವನ ಗತಿ ಬೇರೆ. ನೀತಿ ಇಷ್ಟೇ: ಇರಬೇಕೋ ಹೊರಡಬೇಕೋ ಎಂಬುದನ್ನು ಹೆಜ್ ಇದ್ದವರು ತಾವೇ ನಿರ್ಧರಿಸಬಹುದಿತ್ತು, ನಾಲ್ಕು ಲಾಟ್ ತುಂಬಿಕೊಂಡವರ ಪರವಾಗಿ ಬ್ರೋಕರ್‌ನ ಕಂಪ್ಯೂಟರ್ ನಿರ್ಧರಿಸಿತು.

ನಿಯಮಗಳು ಬದಲಾಗುತ್ತಿರುತ್ತವೆ. 2025ರ ಸೆಪ್ಟೆಂಬರ್‌ನಿಂದ ನಿಫ್ಟಿಯ ವಾರದ ಎಕ್ಸ್‌ಪೈರಿ ಮಂಗಳವಾರಕ್ಕೆ ಬಂದಿದೆ, 2026ರ ಜನವರಿಯ ಕರಾರುಗಳಿಂದ ಲಾಟ್ 75ರಿಂದ 65ಕ್ಕೆ ಇಳಿದಿದೆ. ಹಾಗಾಗಿ ಮೇಲಿನ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ, ಕ್ರಮವನ್ನು ಎತ್ತಿಕೊಳ್ಳಿ. ಒಂದು ಹಾಳೆಯಲ್ಲಿ ಐದು ಸಾಲು ಸಾಕು: ಎಕ್ಸ್‌ಪೈರಿಯವರೆಗಿನ ಘಟನೆ ಮತ್ತು ರಜೆಗಳು, ಗ್ಯಾಪ್ ದಿನ ಮತ್ತು ಎಕ್ಸ್‌ಪೈರಿ ದಿನ ಬೇಕಾಗುವ ಮಾರ್ಜಿನ್, ಬಿಡ್ ಮತ್ತು ಆಸ್ಕ್ ಅಂತರ, ಲಾಭ, ನಷ್ಟ, ಸಮಯದ ಗೆರೆಗಳು, ಇವೆಲ್ಲದರಿಂದ ಬಂದ ಲಾಟ್ ಸಂಖ್ಯೆ. ಐದರಲ್ಲಿ ಒಂದು ಸಾಲು ಖಾಲಿ ಉಳಿದಿದ್ದರೂ ಆ ದಿನ ಸಹಿ ಹಾಕಬೇಡಿ.

2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ ವ್ಯವಹಾರ ಮಾಡಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದರು ಎಂದು ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಅಧ್ಯಯನದಲ್ಲಿ ಹೇಳಿದೆ.